ಹೋದರು, ತೀರಿಕೊಂಡರು, ಎಕ್ಸ್‌ಪೈರ್ ಆದರು

ನಮ್ಮ ಪುಣೆಯ ನವೀ ಪೇಠೆಯಲ್ಲಿ, ಮುಠಾ ನದಿಗೆ ಸಮೀಪವಿರುವ ಸ್ಮಶಾನಕ್ಕೆ ವೈಕುಂಠವೆಂದು ಹೆಸರು. ಊರಿನಿಂದ ಹೊಸದಾಗಿ ಬಂದ ಕನ್ನಡಿಗನೊಬ್ಬನಿಗೆ, “ಸಾಹೇಬರು ವೈಕುಂಠಕ್ಕೆ ಹೋಗಿದ್ದಾರೆ, ಸಂಜೆ ನಾಲ್ಕಕ್ಕೆ ಆಫೀಸಿಗೆ ಬರುತ್ತಾರೆ” ಎಂದು ಹೇಳಿದರೆ ಅವನು ಕಣ್ಣುಕಣ್ಣು ಬಿಡದೆ ಇನ್ನೇನು ಮಾಡಿಯಾನು? ಕನ್ನಡದಲ್ಲಿ ವೈಕುಂಠಕ್ಕೆ ಹೋದವರು ಮರಳಿ ಬರುವುದಿಲ್ಲ. ಪುಣೆಯಲ್ಲಿ ಹೆಗಲು ಕೊಡಲು ಹೋದವರೂ ವೈಕುಂಠಕ್ಕೇ ಹೋಗುತ್ತಾರೆ, ಸ್ನಾನ ಮಾಡಿ ಕೆಲಸಕ್ಕೂ ಬರುತ್ತಾರೆ. ಹೆಸರಿಟ್ಟವರ ಉದ್ದೇಶ ಒಳ್ಳೆಯದೇ. ಸ್ಮಶಾನವೆಂಬ ಮಾತು ನಾಲಿಗೆಯ ಮೇಲೆ ಬಾರದಿರಲಿ ಎಂದು. ಆದರೆ ಇಂಥ ಮುಸುಕಿನ ಮಾತಿಗೆ ಒಂದು ಸ್ವಭಾವವಿದೆ. ಅದರ ಒಳಗೇನಿದೆ ಎಂಬುದು ಗೊತ್ತಿದ್ದವರಿಗೆ ಅದು ಮೃದು, ಗೊತ್ತಿಲ್ಲದವರಿಗೆ ಒಗಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸು ಆಸ್ಪತ್ರೆಗಳಲ್ಲಿ ಇಂಗ್ಲಿಷು ಎಂದು ಮೂರು ಭಾಷೆಗಳ ನಡುವೆ ದಿನವೂ ಓಡಾಡುವ ನಮ್ಮಂಥವರಿಗೆ ಇದು ಬರಿಯ ಭಾಷೆಯ ಸಂಗತಿಯಲ್ಲ. ಯಾವಾಗ ಮುಸುಕು ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ಧರ್ಮದ ಪ್ರಶ್ನೆಯೂ ಆಗುತ್ತದೆ.

ಮೊದಲು ಸಾವಿನ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ‘ಸತ್ತ’ ಎಂಬ ಮಾತು ಹಿಂದೆ ಅಗೌರವದ್ದಾಗಿರಲಿಲ್ಲ. ನಾಡಿನ ತುಂಬ ನಿಂತಿರುವ ವೀರಗಲ್ಲುಗಳ ಮೇಲೆ, ತುರುಗಳನ್ನು ಕಾಯಲು ಹೋರಾಡಿದವನನ್ನು ಕುರಿತು ‘ಕಾದಿ ಸತ್ತ’ ಎಂದೇ ಕೊರೆದಿದ್ದಾರೆ. ಆ ಕಲ್ಲನ್ನು ನಿಲ್ಲಿಸಿದ್ದೇ ಅವನ ಗೌರವಕ್ಕಾಗಿ. ಶ್ರವಣಬೆಳಗೊಳದ ಚಿಕ್ಕ ಬೆಟ್ಟದ ಹಳೆಯ ಶಾಸನಗಳಲ್ಲಿ, ವ್ರತ ಹಿಡಿದು ದೇಹ ಬಿಟ್ಟ ಜೈನ ಮುನಿಗಳಿಗೆ ‘ಮುಡಿಪಿದರ್’ ಎಂಬ ಬೇರೆಯೇ ಮಾತಿದೆ. ಎತ್ತಿಕೊಂಡ ವ್ರತವನ್ನು ಪೂರೈಸಿದರು ಎಂಬ ಭಾವ ಅದರಲ್ಲಿದೆ. ಅಂದರೆ ಹೇಗೆ ಸತ್ತರು ಎಂಬುದಕ್ಕೆ ತಕ್ಕಂತೆ ಮಾತು ಬೇರೆಯಾಗುತ್ತಿತ್ತು. ಬರೇ ಮರೆಮಾಚುವುದಕ್ಕಾಗಿ ಅಲ್ಲ.

ಇಂದು ಹಾಗಿಲ್ಲ. ಇಂದು ‘ಸತ್ತ’ ಎಂಬುದು ದನಕರುಗಳಿಗೆ, ಸಿನಿಮಾದ ಖಳನಾಯಕನಿಗೆ, ಬೈಗುಳಕ್ಕೆ ಉಳಿದ ಮಾತು. ‘ಸತ್ತರು’ ಎಂದು ಬಹುವಚನ ಹಚ್ಚಿದರೂ ಅದರ ಒರಟುತನ ಹೋಗುವುದಿಲ್ಲ. ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಹೋಗಿಬಿಡುತ್ತಾರೆ, ಕಾಲವಾಗುತ್ತಾರೆ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾಗುತ್ತಾರೆ, ವೈಷ್ಣವರ ಮನೆಯಲ್ಲಿ ವೈಕುಂಠವಾಸಿಗಳಾಗುತ್ತಾರೆ, ಕ್ರೈಸ್ತರ ಮನೆಯಲ್ಲಿ ಪ್ರಭುವಿನಲ್ಲಿ ನಿದ್ರಿಸುತ್ತಾರೆ. ನೆರೆಯ ಮರಾಠಿಯವರು ‘ವಾರಲೆ’ ಎನ್ನುತ್ತಾರೆ, ಹೆಸರಿನ ಹಿಂದೆ ಕೈಲಾಸವಾಸಿ ಎಂಬುದರ ಸಂಕ್ಷೇಪವಾಗಿ ‘ಕೈ.’ ಎಂದು ಬರೆಯುತ್ತಾರೆ. ನಮ್ಮವರು ಕೆಲವರು ಅದನ್ನು ನೋಡಿ ತಮ್ಮ ಮನೆಯ ಕಾರ್ಡುಗಳಲ್ಲಿಯೂ ‘ಕೈ.’ ಎಂದು ಅಚ್ಚು ಹಾಕಿಸುವುದುಂಟು. ಜೀವನವಿಡೀ ವಿಷ್ಣುವನ್ನು ಪೂಜಿಸಿದ ಮಾಧ್ವ ಅಜ್ಜನನ್ನು ಹೀಗೆ ಮೊಮ್ಮಕ್ಕಳು ಕೈಲಾಸಕ್ಕೆ ಕಳಿಸಿಬಿಡುತ್ತಾರೆ! ಕನ್ನಡದ ‘ದಿ.’ ಎಂಬ ಒಂದಕ್ಷರ, ಅಂದರೆ ದಿವಂಗತ, ಎಲ್ಲರಿಗೂ ಒಪ್ಪುತ್ತದೆ. ‘ನಿಧನರಾದರು’ ಎಂಬುದೂ ಹಾಗೆಯೇ.

ಇಂಗ್ಲಿಷಿನ ನಡೆ ಬೇರೆ. ಅಲ್ಲಿ ‘ಡೈಡ್’ ಎಂಬುದು ಒರಟು ಮಾತಲ್ಲ. ದೊಡ್ಡ ಪತ್ರಿಕೆಗಳು ದೊಡ್ಡ ಮನುಷ್ಯರ ಬಗ್ಗೆಯೂ ಅದನ್ನೇ ಬರೆಯುತ್ತವೆ. ನಾವು ಮರ್ಯಾದೆಯ ಮಾತೆಂದು ಬಳಸುವ ‘ಎಕ್ಸ್‌ಪೈರ್ಡ್’ ಎಂಬುದು ಇಂಗ್ಲೆಂಡಿನವರ ಕಿವಿಗೆ, ಅವಧಿ ಮುಗಿದ ಲೈಸೆನ್ಸಿನಂತೆ ಕೇಳಿಸುತ್ತದೆ. ಹಾಗೆಂದು ಅದು ತಪ್ಪೆಂದು ಹೇಳಲಾರೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ, ಆಫೀಸುಗಳಲ್ಲಿ ಎಲ್ಲರಿಗೂ ತಿಳಿಯುವ ಮಾತು ಅದು. ಹೊರದೇಶದ ಮೇಲಧಿಕಾರಿಗೆ ಬರೆಯುವಾಗ ಮಾತ್ರ ‘ಡೈಡ್’ ಅಥವಾ ‘ಪಾಸ್ಡ್ ಅವೇ’ ಎಂದರೆ ಸಾಕು.

ಇಲ್ಲಿ ತೊಡಕಾಗುವುದು ನಮ್ಮ ಮಕ್ಕಳಿಗೆ. ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಓದುವ ಹುಡುಗ ಹುಬ್ಬಳ್ಳಿಯ ಸೋದರತ್ತೆಗೆ ಫೋನಿನಲ್ಲಿ, “ಅತ್ಯಾ, ಬಾಜೂ ಮನಿ ಅಜ್ಜ ಸತ್ತ” ಎನ್ನುತ್ತಾನೆ. ಅವನ ಮನಸ್ಸಿನಲ್ಲಿ ಇರುವುದು ‘ಡೈಡ್’ ಎಂಬ ಸಭ್ಯವಾದ ಮಾತೇ. ಆದರೆ ಅತ್ತೆಗೆ ಕೇಳಿಸುವುದು ನಾಯಿ ಸತ್ತಿತು ಎಂಬಂತೆ. ಅವನನ್ನು ಬೈದು ಪ್ರಯೋಜನವಿಲ್ಲ. ಶಬ್ದಕ್ಕೆ ಶಬ್ದ ಹಚ್ಚಿದರೆ ಗೌರವ ದಾಟುವುದಿಲ್ಲ ಎಂಬುದನ್ನು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಇನ್ನೊಂದು ಸಣ್ಣ ಸಂಗತಿ. ಯಾರ ಮನೆಗೆ ಹೋದರೂ ಹೊರಡುವಾಗ ‘ಹೋಗ್ತೀವಿ’ ಅನ್ನಬಾರದು, ‘ಬರ್ತೀವಿ’ ಅನ್ನಬೇಕು ಎಂದು ನಾವು ಮಕ್ಕಳಿಗೆ ಕಲಿಸಿರುತ್ತೇವೆ. ಸಾವಿನ ಮನೆಯಿಂದ ಏಳುವಾಗ ಮಾತ್ರ ‘ಬರ್ತೀವಿ’ ಅನ್ನಬಾರದು, ಸುಮ್ಮನೆ ಎದ್ದು ಬರಬೇಕು ಎಂಬುದನ್ನು ಕಲಿಸುವುದು ಮರೆತಿರುತ್ತೇವೆ. ಊರಿನಲ್ಲಿ ಇದು ಕಲಿಸದೆಯೇ ಬರುತ್ತಿತ್ತು. ಇಲ್ಲಿ ಕೂರಿಸಿಕೊಂಡು ಹೇಳಬೇಕು.

ಹಾಗಾದರೆ ಮುಸುಕಿನ ಮಾತು ಸುಳ್ಳೇ? ಅಲ್ಲ. ಹಿಂದಿನ ತಂತಿಯನ್ನು ನೆನೆಸಿಕೊಳ್ಳಿ. 2013ರ ಜುಲೈಯಲ್ಲಿ ನಿಂತುಹೋದ ಆ ಸೇವೆಯ ಕಾಲದಲ್ಲಿ, ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೇಟ್ಲಿ’ ಎಂದು ತಂತಿ ಬಂದರೆ ಬಹುತೇಕ ಮನೆಗಳಲ್ಲಿ ಅದರ ಅರ್ಥ ಒಂದೇ: ತಂದೆ ಹೋದರು. ಕಳಿಸಿದವನಿಗೂ ಗೊತ್ತು, ಓದಿದವನಿಗೂ ಗೊತ್ತು, ತಂತಿ ತಂದ ಪೇದೆಗೂ ಗೊತ್ತು. ಹದಿನಾಲ್ಕು ತಾಸು ರೈಲಿನಲ್ಲಿ ಒಬ್ಬನೇ ಕೂತು ಬರಬೇಕಾದ ಮಗನಿಗೆ ಒಂದು ಎಳೆ ಆಸೆಯನ್ನು ಹಿಡಿದುಕೊಳ್ಳಲು ಬಿಟ್ಟ ಮಾತು ಅದು. ಅದನ್ನು ಸುಳ್ಳೆನ್ನಲು ಮನಸ್ಸು ಬಾರದು. ಆದರೆ ಅದಕ್ಕೊಂದು ಬೆಲೆಯೂ ಇತ್ತು. ತಂದೆ ನಿಜವಾಗಿಯೂ ಗಂಭೀರವಾಗಿದ್ದು, ಮಗ ಬೇಗ ಬಂದರೆ ಬಾಯಿಗೆ ನೀರು ಬಿಡಬಹುದು ಎಂಬಂಥ ಹೊತ್ತಿನಲ್ಲಿ ಹೇಳಲು ಬೇರೆ ಮಾತೇ ಉಳಿದಿರಲಿಲ್ಲ. ‘ಸೀರಿಯಸ್’ ಎಂಬ ಶಬ್ದವನ್ನು ಸಾವು ತಿಂದುಹಾಕಿತ್ತು. ಹೊದಿಸಿದ ಬಟ್ಟೆಗೆ ಒಳಗಿನ ಕಲೆ ಹತ್ತುವುದು ಹೀಗೆ. ‘ಶೌಚ’ ಎಂದರೆ ಮೂಲದಲ್ಲಿ ಶುದ್ಧಿ. ಇಂದು ಶೌಚಾಲಯವೆಂದರೆ ಮೂಗು ಮುಚ್ಚಿಕೊಳ್ಳುತ್ತೇವೆ.

ತಂತಿಯ ಉದಾಹರಣೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮುಸುಕಿನ ಮಾತು ಪ್ರಾಮಾಣಿಕವಾಗಿರುವುದು, ಕೇಳುವವನಿಗೆ ಒಳಗಿನ ಅರ್ಥ ತಿಳಿಯುತ್ತದೆಂಬ ಭರವಸೆ ಇರುವ ತನಕ ಮಾತ್ರ. ಆ ಭರವಸೆ ಊರಿನ ಗಡಿ ದಾಟಿದರೆ ಮುರಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹಾವಿನ ಹೆಸರೆತ್ತುವುದಿಲ್ಲ. ಹಾವು ಕಚ್ಚಿದರೆ ‘ಹುಳ ಮುಟ್ಟಿತು’ ಎನ್ನುತ್ತಾರೆ. ಮರಾಠಿಯ ಹಳ್ಳಿಗರು ‘ಪಾನ ಲಾಗಲಂ’, ಎಲೆ ತಾಕಿತು, ಎನ್ನುತ್ತಾರೆ. ಹಳ್ಳಿಯಲ್ಲಿ ಈ ಮಾತು ಕೇಳಿದ ಕೂಡಲೆ ಎಲ್ಲರೂ ಓಡಿ ಬರುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ಈಗ ಅದೇ ಅಜ್ಜಿ ಪುಣೆಯ ಹೊರವಲಯದಲ್ಲಿ, ಹೊಲ ಒಡೆದು ಕಟ್ಟಿದ ಹೊಸ ಬಡಾವಣೆಯಲ್ಲಿ ಮಗನ ಮನೆಗೆ ಬಂದಿದ್ದಾಳೆಂದುಕೊಳ್ಳಿ. ನಸುಕಿನಲ್ಲಿ ನೆಲದ ಮೇಲೆ ಮಲಗಿದ್ದ ಮೊಮ್ಮಗನ ಕಾಲಿಗೆ ಏನೋ ಕಚ್ಚಿತು, ಸರಿದು ಹೋದದ್ದನ್ನು ಅಜ್ಜಿ ಕಂಡಳು. “ಹುಳ ಮುಟ್ಟೇದ” ಎಂದಳು. ಕನ್ನಡವನ್ನು ಅರ್ಧ ಬಲ್ಲ ಸೊಸೆ ದವಾಖಾನೆಯಲ್ಲಿ ‘ಇನ್ಸೆಕ್ಟ್ ಬೈಟ್’ ಎಂದಳು. ಕಚ್ಚಿದ್ದು ಕಟ್ಟುಹಾವು, ಮರಾಠಿಯ ಮಣ್ಯಾರ, ಆಗಿದ್ದರೆ ಗಾಯದ ಗುರುತು ಕಣ್ಣಿಗೆ ಬೀಳುವುದೇ ಕಷ್ಟ. ಬಾವಿಲ್ಲ, ನೋವೂ ಹೆಚ್ಚಿಲ್ಲ. ವೈದ್ಯರು ತುರಿಕೆಯ ಇಂಜೆಕ್ಷನ್ ಕೊಟ್ಟು ಕಳಿಸಬಹುದು. ಕೆಲವು ತಾಸಿನ ಮೇಲೆ ಹುಡುಗನ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ಅವನಿಗೆ ಬೇಕಾಗಿದ್ದದ್ದು ಹಾವಿನ ವಿಷದ ಪ್ರತಿಮದ್ದು. ಮೊದಲ ಸಲಕ್ಕೇ ಸಾಮಾನ್ಯವಾಗಿ 8ರಿಂದ 10 ಸೀಸೆ. ಅಜ್ಜಿ ಸುಳ್ಳು ಹೇಳಲಿಲ್ಲ, ಸೊಸೆಯೂ ಹೇಳಲಿಲ್ಲ, ವೈದ್ಯರ ತಪ್ಪೂ ದೊಡ್ಡದಲ್ಲ. ಮುಸುಕು ಹಾಕಿದ ಮಾತನ್ನು ಮುಸುಕು ತೆಗೆಯದೆಯೇ ಇನ್ನೊಂದು ಭಾಷೆಗೆ ದಾಟಿಸಿದರು, ಅಷ್ಟೇ.

ಇದು ಅರಿಯದೆ ಆಗುವ ಅನಾಹುತ. ಅರಿತು ಮಾಡುವಂಥದು ಇನ್ನೊಂದಿದೆ, ಅದು ನಮ್ಮ ಮನೆಗಳಲ್ಲಿ ಹೆಚ್ಚು ನಡೆಯುವಂಥದು. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗ ಪಿಂಪರಿಯ ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ. ಗದಗದ ಕಡೆಯಿಂದ ಬಂದ ಅರವತ್ತೆಂಟರ ತಾಯಿಗೆ ಎಲೆ ಅಡಿಕೆಯೊಡನೆ ತಂಬಾಕಿನ ರೂಢಿ. ಕೆನ್ನೆಯ ಒಳಗೆ ಒಂದು ಹುಣ್ಣು, ಮೂರು ವಾರ ಕಳೆದರೂ ಆರಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಇಂಗ್ಲಿಷಿನಲ್ಲಿ ಬಂತು. ವೈದ್ಯರು ಇಂಗ್ಲಿಷು ಮರಾಠಿ ಬೆರೆಸಿ ಮಗನಿಗೆ ಕ್ಯಾನ್ಸರ್ ಎಂದು ಹೇಳಿದರು. ತಾಯಿ ಪಕ್ಕದ ಕುರ್ಚಿಯಲ್ಲೇ ಇದ್ದಾಳೆ.

“ಏನಂದ್ರೋ ಡಾಕ್ಟರು?”

“ಏನಿಲ್ಲವ್ವಾ. ಸಣ್ಣ ಹುಣ್ಣದ, ತಗದು ಹಾಕ್ತಾರಂತ. ಆಮ್ಯಾಲ ಒಂದೀಟು ಶೇಕ ಕೊಡ್ತಾರಂತ.”

ಮಗನ ಉದ್ದೇಶದಲ್ಲಿ ಲೋಪವಿಲ್ಲ. ಆದರೆ ಮುಂದೆ ಏನಾಗುತ್ತದೆ ನೋಡಿ. ಶಸ್ತ್ರಕ್ರಿಯೆ ಆಯಿತು. ಆ ಮೇಲೆ ವಿಕಿರಣ ಚಿಕಿತ್ಸೆ. ಇದನ್ನು ಇಲ್ಲಿ ‘ಶೇಕ’ ಎನ್ನುತ್ತಾರೆ, ನಮ್ಮ ಕಡೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ಮೂವತ್ತು ಸಲ. ಎರಡನೆಯ ಮೂರನೆಯ ವಾರಕ್ಕೆ ಬಾಯಿಯ ಒಳಚರ್ಮ ಸುಲಿದು ಹುಣ್ಣಾಗುತ್ತದೆ, ಗಂಜಿ ಕೂಡ ಉರಿಯುತ್ತದೆ. ಇದು ಚಿಕಿತ್ಸೆಯ ನಿರೀಕ್ಷಿತ ಪರಿಣಾಮ. ಮುಗಿದ ಕೆಲವು ವಾರಗಳಿಗೆ ಮಾಯುತ್ತದೆ. ಆದರೆ ತಾಯಿಗೆ ಹೇಳಿದ್ದೇನು? ಒಂದು ಸಣ್ಣ ಹುಣ್ಣಿತ್ತು, ತೆಗೆದರು ಎಂದು. ಈಗ ಬಾಯಿ ತುಂಬ ಹುಣ್ಣು. ಆಕೆ ಲೆಕ್ಕ ಹಾಕಿದಳು: “ಒಂದ ಹುಣ್ಣಿಗೆ ಔಷಧ ಮಾಡಾಕ ಹೋಗಿ ಹತ್ತು ಮಾಡ್ಯಾರ. ಸಾಕು, ನನ್ನ ಊರಿಗೆ ಒಯ್ದು ಬಿಡು.” ಆಕೆಗೆ ಕೊಟ್ಟ ಮಾತಿನ ಪ್ರಕಾರ ಆಕೆಯ ತರ್ಕ ಸರಿಯಾಗಿಯೇ ಇದೆ. ಹಟ ಹಿಡಿದು ಹದಿನೈದು ದಿನ ಊರಿಗೆ ಹೋಗಿ ಬಂದಳು. ಬಾಯಿ ಆರಿತು. ಆದರೆ ಈ ಚಿಕಿತ್ಸೆಯಲ್ಲಿ ನಡುವೆ ಬಿಟ್ಟ ದಿನಗಳು ಸುಮ್ಮನೆ ಕಳೆಯುವುದಿಲ್ಲ. ಉಳಿದ ರೋಗದ ಕಣಗಳು ಆ ಬಿಡುವಿನಲ್ಲಿ ಮತ್ತೆ ಬೆಳೆಯುತ್ತವೆ, ಗುಣವಾಗುವ ಸಂಭವ ಕಡಿಮೆಯಾಗುತ್ತದೆ. ಮಗನ ಕರುಣೆಯ ಮಾತು ತಾಯಿಯ ಕೈಯಲ್ಲಿ ತಪ್ಪು ತಕ್ಕಡಿಯನ್ನು ಕೊಟ್ಟಿತು. ಅದರಲ್ಲಿ ಆಕೆ ತೂಗಿ ನೋಡಿದಳು.

ಇಲ್ಲಿ ‘ಸಣ್ಣ ಹುಣ್ಣು’ ಎಂಬುದು ತಂತಿಯ ‘ಸೀರಿಯಸ್’ನಂಥ ಮಾತಲ್ಲ. ಅಲ್ಲಿ ಇಬ್ಬರೂ ಒಂದೇ ಮುಸುಕಿನ ಹೊರಗೆ ನಿಂತು ಒಳಗಿರುವುದನ್ನು ಬಲ್ಲವರು. ಇಲ್ಲಿ ಒಬ್ಬರು ಮಾತ್ರ ಬಲ್ಲವರು. ಇನ್ನೊಬ್ಬರನ್ನು ಮುಸುಕಿನ ಒಳಗೇ ಕೂರಿಸಿದ್ದಾರೆ. ಇಂಗ್ಲಿಷು ಆ ಮುಸುಕಿನ ಬಟ್ಟೆಯಾಯಿತು. ಇದನ್ನು ನಾವು ಗಮನಿಸುವುದು ಕಡಿಮೆ. ನಮಗೆ ನಾಚಿಕೆಯ, ಭಯದ ಮಾತುಗಳೆಲ್ಲ ಈಗ ಇಂಗ್ಲಿಷಿಗೆ ಹೋಗಿವೆ. ‘ಹೊರಗಾಗಿದ್ದಾಳೆ’ ಎಂಬುದು ‘ಪೀರಿಯಡ್ಸ್’ ಆಗಿದೆ, ಕ್ಷಯ ‘ಟಿ.ಬಿ.’ ಆಗಿದೆ. ಇಂಗ್ಲಿಷ್ ಶಬ್ದ ನಮ್ಮ ಮೈಗೆ ತಾಗುವುದಿಲ್ಲ, ಆದ್ದರಿಂದ ಹಗುರ. ಎಲ್ಲರಿಗೂ ಇಂಗ್ಲಿಷು ಬರುವಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹಾಸಿಗೆಯ ಮೇಲಿರುವವರಿಗೆ ಬಾರದ ಭಾಷೆಯಲ್ಲಿ ಹಾಸಿಗೆಯ ಪಕ್ಕದಲ್ಲೇ ನಿಂತು ಅವರ ಜೀವದ ಬಗ್ಗೆ ಮಾತಾಡುವಾಗ ಅದು ಸಭ್ಯತೆಯಾಗಿ ಉಳಿಯುವುದಿಲ್ಲ.

ಇದಕ್ಕೆ ನಮ್ಮವರು ಹೇಳುವ ಉತ್ತರ ನನಗೆ ಗೊತ್ತು: “ಹೇಳಿದರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ. ಪಾಶ್ಚಾತ್ಯರು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ, ನಮ್ಮದು ಹಾಗಲ್ಲ.” ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮ ದೇಶದ ವೈದ್ಯರಿಗಾಗಿ 2002ರಲ್ಲಿ ಬಂದ ನಡತೆಯ ನಿಯಮಗಳಲ್ಲಿಯೂ, ರೋಗದ ಗಂಭೀರತೆಯನ್ನು ಹೆಚ್ಚಿಸಿಯೂ ಹೇಳಬಾರದು, ಇಳಿಸಿಯೂ ಹೇಳಬಾರದು ಎಂದ ಮೇಲೆ, ತಿಳಿದಿರಬೇಕಾದವರು ರೋಗಿ, ಸಂಬಂಧಿಕರು ಅಥವಾ ಜವಾಬುದಾರ ಸ್ನೇಹಿತರು ಎಂದಿದೆ. ಮನೆಯವರ ಮೂಲಕ ಹೇಳುವ ದಾರಿಯನ್ನು ಅದು ಮುಚ್ಚಿಲ್ಲ. ಆದರೆ ಒಪ್ಪಿಗೆಯ ವಿಷಯ ಬೇರೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಆಕೆ ಅರಿವಳಿಕೆಯಲ್ಲಿದ್ದಾಗ ವೈದ್ಯರು ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನು ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದಾಗ, ತಾನೇ ನಿರ್ಧರಿಸಬಲ್ಲ ವಯಸ್ಕ ರೋಗಿಯ ಪರವಾಗಿ ತಾಯಿಯ ಒಪ್ಪಿಗೆ ಸಾಲದು ಎಂದಿತು ನ್ಯಾಯಾಲಯ. ತಾಯಿ ಮಗಳಿಗಾಗಿ ಕೊಡಲಾಗದ್ದನ್ನು ಮಗ ತಾಯಿಗಾಗಿ ಹೇಗೆ ಕೊಟ್ಟಾನು? ಸಣ್ಣ ಹುಣ್ಣೆಂದು ತಿಳಿದು ಹೆಬ್ಬೆಟ್ಟು ಒತ್ತಿದರೆ, ಆಕೆ ಒಪ್ಪಿದ್ದು ಸಣ್ಣ ಹುಣ್ಣಿನ ಚಿಕಿತ್ಸೆಗೆ.

ಇನ್ನು, ತಾಯಿಗೆ ಗೊತ್ತೇ ಇಲ್ಲವೆಂಬ ನಂಬಿಕೆಯೂ ಬಹಳ ಸಲ ನಮ್ಮದೇ ಸಮಾಧಾನ. ಇಡೀ ದಿನ ಅದೇ ರೋಗದವರ ನಡುವೆ ಬೆಂಚಿನ ಮೇಲೆ ಕೂತವಳಿಗೆ ತಿಳಿಯದೆ ಇರುವುದು ಹೇಗೆ? ತಿಳಿದಿದೆ ಎಂಬುದಕ್ಕೆ ಗುರುತುಗಳಿರುತ್ತವೆ. ಮೊದಲು ದಿನಕ್ಕೆ ಹತ್ತು ಸಲ ಕೇಳುತ್ತಿದ್ದವಳು ಒಮ್ಮೆಲೆ ಕೇಳುವುದನ್ನು ನಿಲ್ಲಿಸುತ್ತಾಳೆ. ಬಳೆ, ಬೋರಮಾಳ ಯಾರಿಗೆ ಎಂಬ ಮಾತು ತೆಗೆಯುತ್ತಾಳೆ. ಊರಿನ ದೇವರಿಗೆ ಹೋಗಬೇಕೆನ್ನುತ್ತಾಳೆ. ಆಗ ನಡೆಯುತ್ತಿರುವುದು ಎರಡು ಕಡೆಯ ನಾಟಕ. ಮಗ ತಾಯಿಗಾಗಿ ಆಡುತ್ತಾನೆ, ತಾಯಿ ಮಗನಿಗಾಗಿ ಆಡುತ್ತಾಳೆ. ಕೊನೆಯ ದಿನಗಳಲ್ಲಿ ಆಡಬೇಕಾದ ಮಾತುಗಳಿಗೆ ಈ ನಾಟಕದಲ್ಲಿ ಎಡೆಯೇ ಇರುವುದಿಲ್ಲ.

ಹಾಗಾದರೆ ಹೇಳುವುದು ಹೇಗೆ? ಮುಖಕ್ಕೆ ಹೊಡೆದಂತೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಅದಕ್ಕೆ ಬೇಕಾದಷ್ಟು ಮೃದುತನವಿದೆ. ಮೊದಲು ಕೇಳಬೇಕು: “ಅವ್ವಾ, ನಿನಗ ಏನಾಗೇದ ಅಂತ ಅನಸ್ತದ?” ಆಕೆಯ ಉತ್ತರದಿಂದ ಆಕೆಗೆ ಎಷ್ಟು ಗೊತ್ತೆಂಬುದು ತಿಳಿಯುತ್ತದೆ. ಆ ಮೇಲೆ: “ಡಾಕ್ಟರು ಹೇಳಿದ್ದೆಲ್ಲಾ ನಿನಗ ಹೇಳಲೋ, ಇಲ್ಲಾ ನಾವ ನೋಡಕೊಳ್ಳೋಣೋ?” ಎಂದು ಆಕೆಯನ್ನೇ ಕೇಳಬೇಕು. “ನೀವ ನೋಡಕೋರಿ, ನನಗ ಬ್ಯಾಡ” ಎಂದರೆ ಅದು ಆಕೆಯ ಆಯ್ಕೆ. ಅದನ್ನು ಮೀರಿ ಹೇಳುವುದೂ ಹಿಂಸೆಯೇ. ಈ ಮಾತನ್ನು ವೈದ್ಯರಿಗೂ ತಿಳಿಸಬೇಕು. ಅಂಥವಳಿಗೂ ಬಾಯಿ ಹುಣ್ಣಾಗುತ್ತದೆಂಬುದನ್ನು, ನಡುವೆ ಬಿಡಬಾರದೆಂಬುದನ್ನು ಹೇಳಲೇಬೇಕು. ರೋಗದ ಹೆಸರು ಬೇಡವೆಂದವರು ಚಿಕಿತ್ಸೆಯ ದಾರಿ ಬೇಡವೆಂದಿಲ್ಲ.

“ಹೇಳು” ಎಂದರೆ ಹೆಸರನ್ನು ಒಂದು ಸಲ, ಒಂದೇ ಸಲ, ನೇರವಾಗಿ ಹೇಳಬೇಕು: “ಇದು ಸಾದಾ ಹುಣ್ಣಲ್ಲವ್ವಾ. ಕ್ಯಾನ್ಸರ್ ಅಂತ ಹೇಳ್ಯಾರ.” ಆ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಅವಸರದಿಂದ ಸಮಾಧಾನದ ಮಾತುಗಳನ್ನು ಸುರಿಯಬಾರದು. ಮುಂದೆ ದಿನವೂ ಆ ಹೆಸರನ್ನು ಎತ್ತಬೇಕಾಗಿಲ್ಲ. ‘ಬಾಯಿ ಬ್ಯಾನಿ’ ಎಂದರೂ ನಡೆದೀತು. ಏಕೆಂದರೆ ಈಗ ಆ ಮುಸುಕಿನ ಒಳಗೇನಿದೆ ಎಂಬುದು ಇಬ್ಬರಿಗೂ ಗೊತ್ತು. ಕೊನೆಗೆ, “ಶೇಕ ಸುರು ಆದಮ್ಯಾಲ ಬಾಯಿ ಹುಣ್ಣಾಗ್ತದ, ಆದ್ರೂ ಬಿಡಬಾರದು” ಎಂದು ಹೇಳಿ, ಆಕೆ ಏನು ತಿಳಿದುಕೊಂಡಳೆಂಬುದನ್ನು ಆಕೆಯ ಬಾಯಿಂದಲೇ ಹೇಳಿಸಬೇಕು. ತಿಳಿದಿದೆಯೇ ಇಲ್ಲವೇ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಪರೀಕ್ಷೆ ಇಲ್ಲ. ‘ಹೂಂ’ ಎಂಬುದು ಪರೀಕ್ಷೆಯಲ್ಲ.

ಯಾರು ಮಾತು ದಾಟಿಸಬೇಕು ಎಂಬುದೂ ಅಷ್ಟೇ ಮುಖ್ಯ. ಮುಟ್ಟು ನಿಂತು ಹತ್ತು ವರ್ಷವಾದ ಹೆಂಗಸಿಗೆ ಮತ್ತೆ ರಕ್ತಸ್ರಾವ ಕಂಡರೆ ಅದನ್ನು ಕೂಡಲೆ ತೋರಿಸಬೇಕು. ಗರ್ಭಕೋಶದ ಕ್ಯಾನ್ಸರಿನ ಸೂಚನೆ ಅದಾಗಿರಬಹುದು. ಆದರೆ ಮಗನೆದುರು ಆ ಮಾತು ಯಾವ ತಾಯಿಯ ಬಾಯಿಂದ ಬಂದೀತು? ಆಕೆ ‘ಸೊಂಟನೋವು’ ಎನ್ನುತ್ತಾಳೆ. ಮಗ ‘ಬ್ಯಾಕ್ ಪೇನ್’ ಎನ್ನುತ್ತಾನೆ. ವೈದ್ಯರು ಬೆನ್ನಿನ ಚಿತ್ರ ತೆಗೆಸುತ್ತಾರೆ. ಇಂಥಲ್ಲಿ ಮಗ ಹೊರಗೆ ನಿಂತು, ಸೊಸೆಯೋ ಪರಿಚಯದ ಕನ್ನಡತಿಯೋ ಒಳಗೆ ಹೋಗಬೇಕು.

ಮಾನ ಕಾಯುವ ಮುಸುಕಿನ ಬೆಲೆಗೆ ಅರುಣಾ ಶಾನಭಾಗರ ಕತೆಗಿಂತ ಕಠೋರವಾದ ಸಾಕ್ಷಿ ಬೇಡ. ಹೊನ್ನಾವರದ ಬಳಿಯ ಹಳದೀಪುರದಿಂದ ಮುಂಬಯಿಗೆ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರ ರಾತ್ರಿ ಅಲ್ಲಿಯ ಜಾಡಮಾಲಿಯೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ರಕ್ತ ಹರಿಯದೆ ಅವರು ಮತ್ತೆ ಏಳಲಿಲ್ಲ. ಮೊಕದ್ದಮೆ ನಡೆದದ್ದು ದರೋಡೆ ಮತ್ತು ಕೊಲೆಯ ಯತ್ನವೆಂದು; ಅತ್ಯಾಚಾರದ ಮಾತು ಆಪಾದನೆಯಲ್ಲಿ ಬರಲೇ ಇಲ್ಲ. ಮದುವೆ ನಿಶ್ಚಯವಾಗಿದ್ದ ಹೆಣ್ಣಿನ ಹೆಸರು ಕೆಡಬಾರದೆಂದು ಆ ಮಾತನ್ನು ಮುಚ್ಚಿದರೆಂದು ಹೇಳುತ್ತಾರೆ. ಆತ ಏಳು ವರ್ಷದ ಶಿಕ್ಷೆ ಮುಗಿಸಿ ಹೊರಗೆ ಬಂದ. ಆಕೆ 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಲ್ಲಿಯ ದಾದಿಯರೇ ನೋಡಿಕೊಂಡರು. ಆಡದೆ ಬಿಟ್ಟ ಒಂದು ಶಬ್ದದಿಂದ ಲಾಭವಾದದ್ದು ಯಾರಿಗೆ?

ಆಕೆಯ ವಿಷಯದಲ್ಲಿಯೇ ‘ದಯಾಮರಣ’ ಎಂಬ ಶಬ್ದ ನಮ್ಮ ಪತ್ರಿಕೆಗಳಲ್ಲಿ ಮನೆಮಾತಾಯಿತು. ಅದೂ ಮುಸುಕಿನ ಮಾತೇ. ಇಂಜೆಕ್ಷನ್ ಕೊಟ್ಟು ಸಾಯಿಸುವುದನ್ನೂ, ಗುಣವಾಗುವ ಆಸೆಯಿಲ್ಲದಾಗ ಉಸಿರಾಟದ ಯಂತ್ರವನ್ನು ತೆಗೆಯುವುದನ್ನೂ ಅದು ಒಂದೇ ಬಟ್ಟೆಯಲ್ಲಿ ಸುತ್ತುತ್ತದೆ. ಮೊದಲನೆಯದು ನಮ್ಮ ಕಾನೂನಿನಲ್ಲಿ ಇಂದಿಗೂ ಅಪರಾಧ. ಎರಡನೆಯದಕ್ಕೆ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅರುಣಾ ಅವರ ಮೊಕದ್ದಮೆಯಲ್ಲಿ ಇಕ್ಕಟ್ಟಾದ ಒಂದು ದಾರಿ ತೋರಿ, 2018ರಲ್ಲಿ ಮುಂಚಿತವಾಗಿ ಇಚ್ಛಾಪತ್ರ ಬರೆದಿಡಲು ಅವಕಾಶ ಕೊಟ್ಟು, 2023ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ಐ.ಸಿ.ಯು. ಬಾಗಿಲಲ್ಲಿ ವೈದ್ಯರು “ಮುಂದುವರಿಸೋಣವೇ?” ಎಂದು ಕೇಳಿದಾಗ, “ಅಪ್ಪನನ್ನು ಕೊಲ್ಲಲು ನಾನು ಸಹಿ ಹಾಕಲೇ?” ಎಂದು ಮಗ ಕಂಗೆಡುವುದು ಈ ಒಂದು ಶಬ್ದದ ಗೊಂದಲದಿಂದ. ಅಲ್ಲಿ ಬೇಕಾದ ಪ್ರಶ್ನೆ ತೀರ ಸರಳ: “ಯಾವ ಯಂತ್ರ ತೆಗೆಯುತ್ತೀರಿ, ತೆಗೆದ ಮೇಲೆ ಏನಾಗುತ್ತದೆ, ಅವರಿಗೆ ನೋವಾಗದಂತೆ ಏನು ಮಾಡುತ್ತೀರಿ?” ಈ ಮೂರು ಮಾತುಗಳನ್ನು ಇಂಗ್ಲಿಷಿನಲ್ಲಿ ಕೇಳಿ, ಉತ್ತರವನ್ನು ಕನ್ನಡದಲ್ಲಿ ಮನೆಯವರಿಗೆ ಹೇಳಲು ಆಗುವಂತಿದ್ದರೆ ವೈದ್ಯರು ಹೇಳಿದ್ದು ನಮಗೆ ತಿಳಿದಿದೆ ಎಂದರ್ಥ. ಹೇಳಲಾಗದಿದ್ದರೆ ತಿಳಿದಿಲ್ಲ, ಇನ್ನೊಮ್ಮೆ ಕೇಳಬೇಕು.

ಇಷ್ಟರಿಂದ ನಾನು ಹಿಡಿದಿರುವ ಅಳತೆಗೋಲು ಇದು. ಸಂಗತಿ ಈಗಾಗಲೇ ತಿಳಿದವರ ಮುಂದೆ ಮಾತು ಎಷ್ಟು ಮೃದುವಾಗಿದ್ದರೂ ಒಳ್ಳೆಯದೇ. ಸಂಗತಿಯನ್ನು ತಿಳಿದು ಏನನ್ನಾದರೂ ಮಾಡಬೇಕಾದವರ ಮುಂದೆ, ಅವರು ವೈದ್ಯರಿರಲಿ, ಪೊಲೀಸರಿರಲಿ, ರೋಗಿಯೇ ಇರಲಿ, ಒಂದು ಸಲವಾದರೂ ಬಿಚ್ಚುಮಾತು ಆಡಲೇಬೇಕು. ಭಾಷೆ ದಾಟಿಸುವಾಗ ಶಬ್ದವನ್ನಲ್ಲ, ಒಳಗಿನ ಸಂಗತಿಯನ್ನು ದಾಟಿಸಿ, ಆ ಕಡೆಯ ಭಾಷೆಯ ಮರ್ಯಾದೆಯನ್ನು ಹೊಸದಾಗಿ ತೊಡಿಸಬೇಕು. ‘ಹುಳ ಮುಟ್ಟಿತು’ ಎಂಬುದು ದವಾಖಾನೆಯಲ್ಲಿ ‘ಸ್ನೇಕ್ ಬೈಟ್’ ಆಗಬೇಕು. ‘ಡೈಡ್’ ಎಂಬುದು ಅತ್ತೆಯ ಕಿವಿಯಲ್ಲಿ ‘ತೀರಿಕೊಂಡರು’ ಆಗಬೇಕು. ಎರಡನ್ನೂ ಮಾಡಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಅವರಿಗೆ ಎರಡೂ ಕಡೆಯ ಶಬ್ದಗಳು ಬರುತ್ತವೆ. ಯಾರ ಮುಂದೆ ಯಾವುದು ಎಂಬುದನ್ನು ಮಾತ್ರ ನಾವು ಹೇಳಿಕೊಡಬೇಕಾಗಿದೆ.